ಫಿಸಿಕ್ಸ್ ಪುಸ್ತಕ ತೆರೆಯದ ಮಕ್ಕಳು: ಸೋಮಾರಿತನವೋ, ಭಯವೋ?

ಪರೀಕ್ಷೆ ಹತ್ತಿರ ಬಂದಾಗ ದ್ವಿತೀಯ ಪಿಯುಸಿ ಮಕ್ಕಳ ಮನೆಯಲ್ಲಿ ಕೇಳಿಬರುವ ಬೈಗುಳ ಒಂದೇ: ‘ಸೋಮಾರಿ’. ನಾನು ಮಾತ್ರ ಮೊದಲು ನೋಡುವುದು, ಓದದ ಹೊತ್ತಿನಲ್ಲಿ ಆ ಮಗು ಏನು ಮಾಡುತ್ತದೆ ಎಂದು. ಸೋಮಾರಿಯಾದವರು ನೆಮ್ಮದಿಯಾಗಿ ಮಲಗುತ್ತಾರೆ. ಹೆದರಿದವರು ಟೇಬಲ್ ಒರೆಸುತ್ತಾರೆ, ಬಣ್ಣದ ಪೆನ್ನಿನಲ್ಲಿ ಟೈಮ್‌ಟೇಬಲ್ ಬರೆಯುತ್ತಾರೆ, ಚೆನ್ನಾಗಿ ಗೊತ್ತಿರುವ ಪಾಠವನ್ನೇ ಮತ್ತೆ ಓದುತ್ತಾರೆ. ಕನ್ನಡ, ಬಯಾಲಜಿ ಸಲೀಸಾಗಿ ಸಾಗಿ ಫಿಸಿಕ್ಸ್ ಒಂದನ್ನೇ ಮುಂದೂಡುತ್ತಿದ್ದರೆ ಅದು ಬಹುಪಾಲು ಭಯವೇ.

ಪುಸ್ತಕ ಮುಚ್ಚಿದ ಕ್ಷಣ ಎದೆ ಹಗುರಾಗುತ್ತದೆ. ಮುಂದೂಡಿದ್ದಕ್ಕೆ ಸಿಗುವ ಬಹುಮಾನ ಅದು. ಪ್ರತಿ ಸಲ ಸಿಕ್ಕಷ್ಟೂ ಅಭ್ಯಾಸ ಗಟ್ಟಿಯಾಗುತ್ತದೆ, ಪುಸ್ತಕ ಇನ್ನಷ್ಟು ಭಯಾನಕವಾಗುತ್ತದೆ. ಬೈದರೆ ಭಯ ಹೆಚ್ಚುತ್ತದೆ, ತಪ್ಪಿಸಿಕೊಳ್ಳುವ ಆಸೆಯೂ ಅದರ ಜೊತೆಗೇ.

ಹಾಗಾಗಿ ಭಯ ಹೋದ ಮೇಲೆ ಓದೋಣ ಎಂದು ಕಾಯಿಸುವುದಿಲ್ಲ. ಭಯ ಇದ್ದಾಗಲೂ ಮಾಡಬಹುದಾದಷ್ಟು ಚಿಕ್ಕ ಕೆಲಸ ಕೊಡುತ್ತೇನೆ. ಫೋನ್ ಬೇರೆ ಕೋಣೆಯಲ್ಲಿ, ಎದುರಿಗೆ ಗೋಡೆ ಗಡಿಯಾರ, ಹತ್ತು ನಿಮಿಷ. ಶುರು ಮಾಡುವ ಮುನ್ನ ಭಯಕ್ಕೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಹಾಳೆಯ ಮೂಲೆಯಲ್ಲಿ ಬರೆಯಬೇಕು. ಆಮೇಲೆ ಒಂದೇ ಲೆಕ್ಕ. ಉದಾಹರಣೆಗೆ, 30 ಸೆಂ.ಮೀ. ಅಂತರದಲ್ಲಿರುವ ಎರಡು ವಿದ್ಯುತ್ ಆವೇಶಗಳ ನಡುವಿನ ಬಲ ಎಷ್ಟು? ಮೊದಲ ಕೆಲಸ, ಕೊಟ್ಟಿದ್ದನ್ನು ನಕಲು ಮಾಡುವುದಷ್ಟೇ:

```
q1 = 2×10⁻⁷ C, q2 = 3×10⁻⁷ C
r = 30 cm = 0.3 m
F = 9×10⁹ × q1q2 / r²
```

ಇಲ್ಲಿಗೇ ನಿಲ್ಲಿಸಿದರೂ ಸರಿ. ಆದರೆ ಮೂರು ಸಾಲು ಬರೆದವರಿಗೆ ಬೆಲೆ ಹಾಕಿ ನೋಡದೆ ಏಳಲು ಸಾಮಾನ್ಯವಾಗಿ ಮನಸ್ಸಾಗುವುದಿಲ್ಲ. ಉತ್ತರ 6×10⁻³ N. ಬದಲಿಗೆ 6×10⁻⁷ ಬಂದರೆ ಸೆಂಟಿಮೀಟರನ್ನು ಮೀಟರಿಗೆ ತಂದಿಲ್ಲ ಎಂದರ್ಥ. ‘ನನಗೆ ಫಿಸಿಕ್ಸೇ ಬರಲ್ಲ’ ಎಂಬ ದೊಡ್ಡ ಭಯ ಹೀಗೆ ‘ಯೂನಿಟ್ ಬದಲಿಸಲು ಮರೀತೀನಿ’ ಎಂಬ ಸಣ್ಣ ತೊಂದರೆಗೆ ಇಳಿಯುತ್ತದೆ. ಕೊನೆಗೆ ಭಯದ ಅಂಕಿಯನ್ನು ಮತ್ತೆ ಬರೆಯಬೇಕು. ಎಂಟಿದ್ದದ್ದು ಆರಾದರೂ ಸಾಕು. ಆಗದಿದ್ದರೂ ಲೆಕ್ಕವಂತೂ ಮುಗಿದಿರುತ್ತದೆ. ಏಳುವ ಮುನ್ನ ಮುಂದಿನ ಲೆಕ್ಕದ ದತ್ತಾಂಶವನ್ನು ಬರೆದಿಟ್ಟರೆ ನಾಳೆ ಖಾಲಿ ಹಾಳೆ ಎದುರಾಗುವುದಿಲ್ಲ.

ಇದು ಕೆಡುವುದು ಎರಡು ಕಡೆ. ಹತ್ತು ನಿಮಿಷ ಎಂದು ಕೂರಿಸಿ, ‘ಹೇಗೂ ಕೂತಿದ್ದೀಯಲ್ಲ, ಪಾಠ ಮುಗಿಸಿಬಿಡು ಮಗಾ’ ಎಂದು ಅಪ್ಪ ಅಮ್ಮ ಎಳೆದರೆ, ಮರುದಿನ ಆ ಮಾತನ್ನು ಮಗು ನಂಬುವುದಿಲ್ಲ. ಇನ್ನೊಂದು, ವಿಡಿಯೋ ಪಾಠದಿಂದ ಶುರು ಮಾಡುವುದು. ನೋಡುವಾಗ ಎಲ್ಲ ಅರ್ಥವಾದಂತಿರುತ್ತದೆ, ಪೆನ್ನು ಹಿಡಿಯುವ ಭಯ ಮಾತ್ರ ಇದ್ದಲ್ಲೇ ಇರುತ್ತದೆ.

ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ, ಕೂತರೆ ಉಸಿರು ಕಟ್ಟಿದಂತಾಗುತ್ತದೆ ಎಂದರೆ ಈ ಉಪಾಯ ಸಾಲದು, ವೈದ್ಯರಿಗೆ ತೋರಿಸಿ. ಸಾಯುವ ಮಾತು ಬಂದರಂತೂ ಒಂದು ದಿನವೂ ಕಾಯಬೇಡಿ, ಮಗುವನ್ನು ಒಂಟಿಯಾಗಿ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.