ರೇಡಿಯೇಷನ್ ವಾರಗಳಲ್ಲಿ ಗಂಟಲು ನೋವು: ಊಟಕ್ಕೆ ಅರ್ಧ ಗಂಟೆ ಮುಂಚೆ ಶುರುವಾಗುವ ಕೆಲಸ

"ಆರು ಲೋಟ ಗಂಜಿ, ಕಾಫಿ ಕುಡೀತಾರೆ ಮೇಡಂ, ಆದ್ರೂ ತೂಕ ಇಳೀತಾನೇ ಇದೆ." ರೇಡಿಯೇಷನ್ ವಿಭಾಗದ ಡಯಟೀಷಿಯನ್ ಎದುರು ಮನೆಯವರು ಇದನ್ನು ಹೇಳುವುದು ಹೆಚ್ಚಾಗಿ ಮೂರನೇ ವಾರ ಕಳೆದ ಮೇಲೆ. ಅವರು ಸುಳ್ಳು ಹೇಳುತ್ತಿಲ್ಲ. ತೊಂದರೆ ಇರುವುದು ಆ ಲೋಟದಲ್ಲಿ ಏನಿದೆ ಎನ್ನುವುದರಲ್ಲಿ, ಮತ್ತು ನೋವಿನ ಮದ್ದನ್ನು ಯಾವ ಹೊತ್ತಿಗೆ ಕೊಡುತ್ತಿದ್ದಾರೆ ಎನ್ನುವುದರಲ್ಲಿ.

ಬಾಯಿ, ಟಾನ್ಸಿಲ್, ನಾಲಿಗೆಯ ಬುಡ, ಗಂಟಲಿನ ಕ್ಯಾನ್ಸರ್‌ಗೆ ರೇಡಿಯೇಷನ್ ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ 6–7 ವಾರ ನಡೆಯುತ್ತದೆ. ಗಂಟಲಿನ ಒಳಪೊರೆಯ ಜೀವಕೋಶಗಳು ಒಂದೆರಡು ವಾರಕ್ಕೊಮ್ಮೆ ಉದುರಿ ಹೊಸವು ಬರುತ್ತಿರುತ್ತವೆ. ರೇಡಿಯೇಷನ್ ಹೊಸವು ಹುಟ್ಟುವುದನ್ನು ತಡೆಯುತ್ತದೆ, ಹಳೆಯವು ಎಂದಿನಂತೆ ಉದುರುತ್ತವೆ. ಅದಕ್ಕೇ ಮೊದಲ ವಾರ ಏನೂ ಅನ್ನಿಸುವುದಿಲ್ಲ. ಎರಡು, ಮೂರನೇ ವಾರಕ್ಕೆ ಕೆಂಪಾಗಿ ಉರಿ ಹತ್ತುತ್ತದೆ, ಆಮೇಲೆ ಹುಣ್ಣಾಗುತ್ತದೆ, ಐದಾರನೇ ವಾರಕ್ಕೆ ಎಂಜಲು ನುಂಗುವುದೂ ಕಷ್ಟವಾಗುತ್ತದೆ. ಜೊತೆಗೆ ಸಿಸ್‌ಪ್ಲಾಟಿನ್ ಕೀಮೋ ಇದ್ದರೆ ನೋವು ಹೆಚ್ಚು. ಇದು ಬಂದೇ ಬರುತ್ತದೆ ಎಂದು ಗೊತ್ತಿರುವಾಗ ತಯಾರಿ ಎರಡನೇ ವಾರದಲ್ಲೇ ಶುರುವಾಗಬೇಕು.

ಮೊದಲು ಬಾಯಿ ಮುಕ್ಕಳಿಸುವ ನೀರು. 1 ಲೀಟರ್ ಕುದಿಸಿ ಆರಿಸಿದ ನೀರಿಗೆ 1 ಚಹಾ ಚಮಚ ಉಪ್ಪು, 1 ಚಹಾ ಚಮಚ ಅಡುಗೆ ಸೋಡಾ. ಬೇಕಿಂಗ್ ಪೌಡರ್ ಅಲ್ಲ, ಅದರಲ್ಲಿ ಹುಳಿಯ ಪುಡಿಯೂ ಸೇರಿರುತ್ತದೆ. ಚಮಚವನ್ನು ಅಂಚಿನ ಮಟ್ಟಕ್ಕೆ ಸವರಿ ಅಳೆಯಿರಿ. "ಸ್ವಲ್ಪ ಜಾಸ್ತಿ ಇದ್ರೆ ಬೇಗ ವಾಸಿ" ಎಂದು ಉಪ್ಪು ಹೆಚ್ಚಿಸಿದರೆ ಹುಣ್ಣು ಉರಿಯುತ್ತದೆ, ಬಾಯಿ ಇನ್ನಷ್ಟು ಒಣಗುತ್ತದೆ, ಮರುದಿನದಿಂದ ರೋಗಿ ಮುಕ್ಕಳಿಸುವುದನ್ನೇ ಬಿಡುತ್ತಾರೆ. ದಿನಕ್ಕೊಮ್ಮೆ ಹೊಸದಾಗಿ ಮಾಡಿ, ಎಚ್ಚರವಿರುವ ಹೊತ್ತಿನಲ್ಲಿ ಎರಡು ಮೂರು ಗಂಟೆಗೊಮ್ಮೆ ಒಂದೊಂದು ಗುಟುಕು ಬಾಯಲ್ಲಿ ಅರ್ಧ ನಿಮಿಷ ಆಡಿಸಿ ಉಗುಳಿದರೆ ಸಾಕು. ಇದು ಹುಣ್ಣನ್ನು ವಾಸಿಮಾಡುವ ಮದ್ದಲ್ಲ. ಅಂಟಂಟಾದ ಎಂಜಲನ್ನು ಸಡಿಲಿಸುತ್ತದೆ, ಆಹಾರದ ಚೂರು ಹುಣ್ಣಿನ ಮೇಲೆ ಕೂರದಂತೆ ನೋಡಿಕೊಳ್ಳುತ್ತದೆ.

ಅಂಗಡಿಯ ಮೌತ್‌ವಾಶ್‌ಗಳಲ್ಲಿ ಆಲ್ಕೋಹಾಲ್ ಇರುವವು ಬೇಡ. ಲವಂಗದ ಎಣ್ಣೆಯೂ ಬೇಡ, ಹಸಿ ಪೊರೆಗೆ ಅದು ಸುಡುತ್ತದೆ. ಹಲ್ಲುಜ್ಜಲು ತೀರಾ ಮೆದುವಾದ ಬ್ರಷ್, ಬಿಸಿನೀರಲ್ಲಿ ಎರಡು ನಿಮಿಷ ಇಟ್ಟರೆ ಇನ್ನೂ ಮೆದುವಾಗುತ್ತದೆ. ಪೇಸ್ಟ್ ಉರಿದರೆ ಪುದೀನ ಇಲ್ಲದ ಫ್ಲೋರೈಡ್ ಪೇಸ್ಟ್ ಕೇಳಿ. ಕಟ್ಟಿಸಿದ ಹಲ್ಲಿನ ಸೆಟ್ ಇದ್ದರೆ ಊಟಕ್ಕೆ ಮಾತ್ರ ಹಾಕಿ, ಅದು ಒಸಡಿಗೆ ತಿಕ್ಕುತ್ತಿದ್ದರೆ ಊಟಕ್ಕೂ ಬೇಡ. ಹೊಗೆಸೊಪ್ಪು, ಅಡಿಕೆ, ಬೀಡಿ ಬಗ್ಗೆ ಚರ್ಚೆಗೆ ಜಾಗವೇ ಇಲ್ಲ.

ಈಗ ಹೊತ್ತಿನ ಲೆಕ್ಕ. ಬಹಳ ಮನೆಗಳಲ್ಲಿ ನೋವಿನ ಮದ್ದನ್ನು ಊಟ ಆದಮೇಲೆ ಕೊಡುತ್ತಾರೆ, ಬರೀ ಹೊಟ್ಟೆಗೆ ಮಾತ್ರೆ ಬೇಡ ಎಂಬ ರೂಢಿಯಿಂದ. ಹೀಗಾದರೆ ನುಂಗುವಾಗ ಮದ್ದಿನ ಬಲ ಇರುವುದಿಲ್ಲ, ಮದ್ದು ಹತ್ತುವ ಹೊತ್ತಿಗೆ ಊಟ ಮುಗಿದಿರುತ್ತದೆ. ನಾವು ಹೇಳಿಕೊಡುವ ಕ್ರಮ ಹೀಗಿದೆ. 12:30ಕ್ಕೆ ಊಟ ಎಂದಿಟ್ಟುಕೊಳ್ಳಿ. 12 ಗಂಟೆಗೆ, ವೈದ್ಯರು ಬರೆದ ನೋವಿನ ಮದ್ದು ದ್ರವರೂಪದಲ್ಲಿ. 12:15ಕ್ಕೆ ಆ ಉಪ್ಪು-ಸೋಡಾ ನೀರಲ್ಲಿ ಮುಕ್ಕಳಿಸಿ ಲೋಳೆಯನ್ನೆಲ್ಲ ಉಗುಳುವುದು. ಆಮೇಲೆ ನೋವು ತಗ್ಗಿಸುವ ಬೆಂಜಿಡಮೈನ್ ದ್ರಾವಣ ಬರೆದಿದ್ದರೆ 15 ಮಿಲಿ, ಅರ್ಧ ನಿಮಿಷ ಗಂಟಲಲ್ಲಿ ಗಳಗಳಿಸಿ ಉಗುಳುವುದು. ಅದು ಚುರುಗುಟ್ಟಿದರೆ ಅಷ್ಟೇ ನೀರು ಬೆರೆಸಿಕೊಳ್ಳಬಹುದು. 12:30ಕ್ಕೆ ನೇರ ಕೂತು ಊಟ. ಮುಗಿಸಿ ಮತ್ತೊಮ್ಮೆ ಮುಕ್ಕಳಿಸಿ ಅರ್ಧ ಗಂಟೆ ಮಲಗದೆ ಕೂತಿರುವುದು.

ಮರಗಟ್ಟಿಸುವ ಲಿಗ್ನೊಕೇನ್ ಜೆಲ್ಲಿ ಅಥವಾ ದ್ರವ ಕೊಟ್ಟಿದ್ದರೆ ಇನ್ನೂ ಎಚ್ಚರ ಬೇಕು. ಗಂಟಲು ಮರಗಟ್ಟಿದಾಗ ಬಿಸಿ ಗೊತ್ತಾಗುವುದಿಲ್ಲ, ಗುಟುಕು ಶ್ವಾಸನಾಳದ ಕಡೆ ಜಾರಿದ್ದೂ ಗೊತ್ತಾಗುವುದಿಲ್ಲ. ವೈದ್ಯರು ಹೇಳಿದ ಅಳತೆ ಮೀರಬೇಡಿ, ಊಟ ಉಗುರುಬೆಚ್ಚಗಿದೆಯೇ ಎಂದು ಬೇರೆಯವರು ಮುಟ್ಟಿ ನೋಡಲಿ, ಗುಟುಕು ಸಣ್ಣದಿರಲಿ.

ಮಾತ್ರೆ ನುಂಗಲಾಗದಿದ್ದರೆ ಎಲ್ಲವನ್ನೂ ಕುಟ್ಟಿ ಪುಡಿಮಾಡುವ ಅಭ್ಯಾಸವಿದೆ. ನಿಧಾನವಾಗಿ ಬಿಡುಗಡೆಯಾಗುವ ಮಾರ್ಫಿನ್ ಮಾತ್ರೆಯನ್ನು ಯಾವ ಕಾರಣಕ್ಕೂ ಕುಟ್ಟಬಾರದು. ಹನ್ನೆರಡು ಗಂಟೆ ಕಾಲ ನಿಧಾನಕ್ಕೆ ಸೇರಬೇಕಾದ ಮದ್ದು ಒಂದೇ ಸಲ ಒಳಗೆ ಹೋಗಿ ಉಸಿರಾಟವೇ ಕುಗ್ಗಬಹುದು. ಸಿರಪ್ ಅಥವಾ ನೀರಲ್ಲಿ ಕರಗುವ ಮಾತ್ರೆ ಕೇಳಿ ಬರೆಸಿಕೊಳ್ಳಿ. ಮಾರ್ಫಿನ್ ಶುರುವಾದ ದಿನವೇ ಮಲಬದ್ಧತೆಯ ಮದ್ದೂ ಶುರುವಾಗಬೇಕು, ಇಲ್ಲದಿದ್ದರೆ ಹೊಟ್ಟೆ ಬಿಗಿದು ಊಟ ಇನ್ನಷ್ಟು ಕಡಿಮೆಯಾಗುತ್ತದೆ. ಸಿಸ್‌ಪ್ಲಾಟಿನ್ ನಡೆಯುತ್ತಿರುವವರು ಮೆಡಿಕಲ್ ಶಾಪಿನಿಂದ ಡೈಕ್ಲೊಫೆನಾಕ್, ಐಬುಪ್ರೊಫೆನ್ ತಂದು ತಾವೇ ತೆಗೆದುಕೊಳ್ಳಬಾರದು. ಕೀಮೋ ಜೊತೆ ಇವು ಸೇರಿದರೆ ಮೂತ್ರಪಿಂಡಕ್ಕೆ ಹೊಡೆತ.

ಇನ್ನು ಆ ಆರು ಲೋಟದ ಮಾತು. 58 ಕೆಜಿ ತೂಕದವರೊಬ್ಬರ ಲೆಕ್ಕ ಹಾಕೋಣ. ಈ ಚಿಕಿತ್ಸೆಯಲ್ಲಿ ಕೆಜಿಗೆ ಸುಮಾರು 30 ಕ್ಯಾಲೊರಿ, ಕನಿಷ್ಠ 1.2 ಗ್ರಾಂ ಪ್ರೋಟೀನ್ ಬೇಕು. ಅಂದರೆ ದಿನಕ್ಕೆ 1740 ಕ್ಯಾಲೊರಿ, 70 ಗ್ರಾಂ ಪ್ರೋಟೀನ್. ಅವರು ಕುಡಿಯುತ್ತಿರುವುದು ನಾಲ್ಕು ಲೋಟ ರಾಗಿ ಅಂಬಲಿ, ಎರಡು ಲೋಟ ಕಾಫಿ, ಒಂದು ಎಳನೀರು, ನಾಲ್ಕು ಚಮಚ ಮೆತ್ತಗಿನ ಅನ್ನ, ತಿಳಿಸಾರು. ಅಂಬಲಿಯ ಒಂದು ಲೋಟದಲ್ಲಿ 20 ಗ್ರಾಂ ಹಿಟ್ಟಿದ್ದರೆ ಸಿಗುವುದು 70 ಕ್ಯಾಲೊರಿಗಿಂತ ಕಡಿಮೆ, ಪ್ರೋಟೀನ್ 2 ಗ್ರಾಂನೊಳಗೆ. ಇಡೀ ದಿನ ಕೂಡಿಸಿದರೆ 600 ಕ್ಯಾಲೊರಿಯ ಆಸುಪಾಸು. ಹೊಟ್ಟೆ ನೀರಿನಿಂದ ತುಂಬಿದೆ, ಮೈಗೆ ಮೂರನೇ ಒಂದು ಭಾಗ ಮಾತ್ರ ಸಿಕ್ಕಿದೆ. ಅಷ್ಟೂ ಸಲ ನೋವು ತಿಂದು ನುಂಗಿದ್ದಾರೆ ಬೇರೆ.

ಅದೇ ರಾಗಿಯನ್ನು ಮಗುವಿಗೆ ಮಾಡುವ ಮಣ್ಣಿಯ ಹಾಗೆ ಮಾಡಬೇಕು. ಮೊಳಕೆ ಕಟ್ಟಿ ಒಣಗಿಸಿ ಬೀಸಿದ ರಾಗಿ ಹಿಟ್ಟು 3 ದೊಡ್ಡ ಚಮಚ, ಅಂದರೆ ಸುಮಾರು 30 ಗ್ರಾಂ, 100 ಮಿಲಿ ತಣ್ಣೀರಲ್ಲಿ ಗಂಟಿಲ್ಲದೆ ಕದಡಿ ತೆಳು ಬಟ್ಟೆಯಲ್ಲಿ ಸೋಸಿ. ಸೋಸದಿದ್ದರೆ ತೌಡಿನ ತರಿ ಹುಣ್ಣಿಗೆ ಗೀರುತ್ತದೆ. ಸಣ್ಣ ಉರಿಯಲ್ಲಿ ನಿಧಾನಕ್ಕೆ ಬಿಸಿಮಾಡುತ್ತಾ ಕಲಕಿ. ಮೊಳಕೆಯಲ್ಲಿರುವ ಅಮೈಲೇಸ್ ಪಿಷ್ಟವನ್ನು ಮುರಿಯುವುದರಿಂದ ಇದು ಮಾಮೂಲಿ ರಾಗಿಯಷ್ಟು ಗಟ್ಟಿಯಾಗುವುದಿಲ್ಲ, ಹೆಚ್ಚು ಹಿಟ್ಟು ಹಾಕಿದರೂ ಕುಡಿಯುವಂತೆಯೇ ಇರುತ್ತದೆ. ಹಿಟ್ಟನ್ನು ಕಪ್ಪಾಗುವಷ್ಟು ಹುರಿದಿದ್ದರೆ ಈ ಗುಣ ಹೋಗಿರುತ್ತದೆ, ಆಗ ಮಣ್ಣಿ ಮುದ್ದೆಯ ಕಡೆಗೆ ತಿರುಗುತ್ತದೆ. ಚೆನ್ನಾಗಿ ಕುದಿದ ಮೇಲೆ 200 ಮಿಲಿ ಕೆನೆಭರಿತ ಹಾಲು, 2 ದೊಡ್ಡ ಚಮಚ ಹಾಲಿನ ಪುಡಿ, 1 ಚಹಾ ಚಮಚ ತುಪ್ಪ, 2 ಚಹಾ ಚಮಚ ಸಕ್ಕರೆ. ಒಂದು ಲೋಟಕ್ಕೆ ಸುಮಾರು 400 ಕ್ಯಾಲೊರಿ, 13 ಗ್ರಾಂ ಪ್ರೋಟೀನ್. ಸಕ್ಕರೆ ಕಾಯಿಲೆ ಇದ್ದವರಿಗೆ ಸಕ್ಕರೆ ಬಿಟ್ಟು ತುಪ್ಪ ಇನ್ನೊಂದು ಚಮಚ.

ಇಂಥ ಲೋಟ ದಿನಕ್ಕೆ ಮೂರು. ಮಧ್ಯಾಹ್ನ 30 ಗ್ರಾಂ ಅಕ್ಕಿ, 30 ಗ್ರಾಂ ತೊಗರಿಬೇಳೆ ಒಟ್ಟಿಗೆ ನುಣ್ಣಗೆ ಬೇಯಿಸಿ, 2 ಚಹಾ ಚಮಚ ತುಪ್ಪ ಹಾಕಿ ಮಿಕ್ಸಿಯಲ್ಲಿ ತಿರುವಿ. ಸಂಜೆ ಎರಡು ಮೊಟ್ಟೆ, ಒಂದು ಲೋಟ ಹಾಲಿನ ಕಸ್ಟರ್ಡ್, ಪೂರ್ತಿ ಬೆಂದಿರಬೇಕು. ಮೊಟ್ಟೆ ತಿನ್ನದವರಿಗೆ ಹಾಲಿಗೆ 60 ಗ್ರಾಂ ಮೆತ್ತನೆಯ ಪನೀರ್ ಹಾಕಿ ರುಬ್ಬಿ ಕೊಡಬಹುದು. ಒಟ್ಟು 1800 ಕ್ಯಾಲೊರಿ ದಾಟುತ್ತದೆ, ಪ್ರೋಟೀನ್ 70ರ ಹತ್ತಿರ ಬರುತ್ತದೆ. ನುಂಗುವ ಸಲಗಳು ಹೆಚ್ಚಾಗಿಲ್ಲ. ನೀರು ಬೇರೆಯಾಗಿ ಕುಡಿಯಲೇಬೇಕು, ಕೀಮೋ ಇದ್ದರೆ ಎಷ್ಟೆಂದು ವೈದ್ಯರನ್ನೇ ಕೇಳಿ.

ಹುಣಸೆ, ಟೊಮೆಟೊ, ನಿಂಬೆ, ಹುಳಿ ಮಜ್ಜಿಗೆ, ಒಣಮೆಣಸಿನಕಾಯಿ ಉರಿಸುತ್ತವೆ. ಸಾರಿನ ಆಸೆಯಾದರೆ ಬೇಳೆ ಕಟ್ಟಿಗೆ ಉಪ್ಪು, ಜೀರಿಗೆ ಪುಡಿ ಸಾಕು. ಮುದ್ದೆ ನುಂಗುವ ಅಭ್ಯಾಸದವರು ಅದನ್ನೇ ಕೇಳುತ್ತಾರೆ, ಆದರೆ ಎಂಜಲು ಕಡಿಮೆಯಾದಾಗ ಮುದ್ದೆ ಗಂಟಲಲ್ಲಿ ಅಂಟಿ ನಿಲ್ಲುತ್ತದೆ.

ಬೆಂಗಳೂರಿನ ಇನ್ನೊಂದು ಕಷ್ಟ, ದಾರಿ ಮತ್ತು ಕಾಯುವಿಕೆ. ಹೊಸೂರು ರಸ್ತೆಯ ಟ್ರಾಫಿಕ್ ದಾಟಿ ಕಿದ್ವಾಯಿಯಂಥ ಆಸ್ಪತ್ರೆ ತಲುಪಿ, ಸರದಿ ಕಾದು, ಮಷಿನ್ ಮುಗಿಸಿ ಮನೆ ಸೇರುವಷ್ಟರಲ್ಲಿ ಎರಡು ಹೊತ್ತಿನ ಊಟ ತಪ್ಪಿರುತ್ತದೆ. ಫ್ಲಾಸ್ಕಿನಲ್ಲಿ ಒಂದು ಲೋಟ ಮಣ್ಣಿ, ಬಾಟಲಿಯಲ್ಲಿ ಮುಕ್ಕಳಿಸುವ ಉಪ್ಪು-ಸೋಡಾ ನೀರು, ನೋವಿನ ಮದ್ದು ಚೀಲದಲ್ಲಿರಲಿ. ಹಾಲಿನದ್ದಾದ್ದರಿಂದ ಫ್ಲಾಸ್ಕಿಗೆ ಕುದಿಯುವ ಬಿಸಿಯಲ್ಲೇ ತುಂಬಿ, ಮೂರು ನಾಲ್ಕು ಗಂಟೆಯೊಳಗೆ ಲೋಟಕ್ಕೆ ಬಗ್ಗಿಸಿ ಆರಿಸಿ ಕುಡಿಸಿ.

ನೋವು ನಿಧಾನಕ್ಕೆ ಏರುವುದು ನಿರೀಕ್ಷಿತ. ಒಂದೆರಡು ದಿನದಲ್ಲಿ ದಿಢೀರನೆ ಏರಿದರೆ ಟಾರ್ಚ್ ಹಿಡಿದು ಬಾಯಿ ನೋಡಿ. ರೇಡಿಯೇಷನ್ ಹುಣ್ಣಿನ ಮೇಲಿನ ಪೊರೆ ಹಳದಿ ಮಿಶ್ರಿತ ಬಿಳಿ, ಒಟ್ಟಾಗಿ ಹರಡಿರುತ್ತದೆ, ರೇಡಿಯೇಷನ್ ಬಿದ್ದ ಜಾಗದಲ್ಲೇ ಇರುತ್ತದೆ. ಮೊಸರು ಚೆಲ್ಲಿದಂಥ ಬಿಡಿ ಬಿಳಿ ಚುಕ್ಕೆಗಳು ಕೆನ್ನೆಯ ಒಳಗೆ, ಅಂಗುಳಿನಲ್ಲಿ ಕಂಡರೆ ಅದು ಕ್ಯಾಂಡಿಡಾ ಶಿಲೀಂಧ್ರ ಇರಬಹುದು. ಅದಕ್ಕೆ ಬೇರೆ ಮದ್ದಿದೆ, ಕೆಲವೇ ದಿನಗಳಲ್ಲಿ ನೋವು ತಗ್ಗುತ್ತದೆ. ಬೆರಳಿಗೆ ಬಟ್ಟೆ ಸುತ್ತಿ ಕೆರೆಯುವುದು ಬೇಡ, ಎರಡರಲ್ಲಿ ಯಾವುದಿದ್ದರೂ ರಕ್ತ ಬರುತ್ತದೆ.

ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ತೂಕ. 58 ಇದ್ದವರು ಒಂದು ತಿಂಗಳೊಳಗೆ 55ಕ್ಕೆ ಬಂದರೆ ಶೇಕಡ 5 ಹೋಯಿತು. ಆಗ ಮೂಗಿನ ಮೂಲಕ ಹೊಟ್ಟೆಗೆ ಆಹಾರ ಕೊಡುವ ನಳಿಕೆಯ ಮಾತು ತೆಗೆಯಬೇಕು, ಇನ್ನೊಂದು ವಾರ ನೋಡೋಣ ಎನ್ನಬಾರದು. ತೂಕ ಇಳಿದಂತೆ, ರೇಡಿಯೇಷನ್ ಹೊತ್ತಲ್ಲಿ ತಲೆ ಅಲುಗದಂತೆ ಹಿಡಿಯುವ ಮುಖದ ಮಾಸ್ಕ್ ಸಡಿಲವಾಗುತ್ತದೆ, ಅಳತೆ ಮತ್ತೆ ತೆಗೆಯಬೇಕಾಗಬಹುದು. ನೋವಿಗೆ ಹೆದರಿ ನಡುವೆ ದಿನ ಬಿಟ್ಟರೆ ಉಳಿದ ಕ್ಯಾನ್ಸರ್ ಕೋಶಗಳಿಗೆ ಬೆಳೆಯಲು ಬಿಡುವು ಸಿಗುತ್ತದೆ. ನಳಿಕೆ ಹಾಕಿದ ಮೇಲೂ ವೈದ್ಯರು ಬೇಡವೆನ್ನದಿದ್ದರೆ ದಿನಕ್ಕೆ ಹಲವು ಸಲ ಒಂದೊಂದು ಗುಟುಕು ನೀರು ನುಂಗುತ್ತಿರಬೇಕು, ಇಲ್ಲದಿದ್ದರೆ ಗಂಟಲಿನ ಸ್ನಾಯು ಬಿಗಿದು ಆಮೇಲೆ ನುಂಗುವುದೇ ಕಷ್ಟವಾಗುತ್ತದೆ. ನೀರು ಕುಡಿದಾಗಲೆಲ್ಲ ಕೆಮ್ಮು, 100.4 ಫ್ಯಾರನ್‌ಹೀಟ್ ದಾಟಿದ ಜ್ವರ, ದಿನವಿಡೀ ಮೂತ್ರ ಅಲ್ಪ, ಇವು ಯಾವುದಿದ್ದರೂ ಮುಂದಿನ ಸರದಿಗೆ ಕಾಯದೆ ಅವತ್ತೇ ಆಸ್ಪತ್ರೆಗೆ ಬನ್ನಿ.

ಕೊನೆಯ ರೇಡಿಯೇಷನ್ ಆದ ದಿನ ನೋವು ನಿಲ್ಲುವುದಿಲ್ಲ. ಮುಂದಿನ ಎರಡು ವಾರ ಹಾಗೇ ಇರಬಹುದು, ಹೆಚ್ಚಲೂಬಹುದು. ಊರಿಗೆ ಹೊರಡುವವರು ಅಷ್ಟು ದಿನದ ಮದ್ದು ಬರೆಸಿಕೊಂಡೇ ಹೊರಡಿ, ಮಾರ್ಫಿನ್ ಎಲ್ಲ ಊರಿನ ಅಂಗಡಿಯಲ್ಲಿ ಸಿಗುವುದಿಲ್ಲ. ಅದನ್ನು ಒಮ್ಮೆಗೇ ನಿಲ್ಲಿಸದೆ ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಿ. ಮದ್ದಿಲ್ಲದೆಯೂ ಮಣ್ಣಿ ಸಲೀಸಾಗಿ ಇಳಿಯತೊಡಗಿದ ಮೇಲೆ ಹಾಲಿನಲ್ಲಿ ನೆನೆಸಿ ಕಿವುಚಿದ ಇಡ್ಲಿ ಕೊಡಬಹುದು, ಖಾರ ಹುಳಿ ಎಲ್ಲಕ್ಕಿಂತ ಕೊನೆಗೆ.