ಭಾರಿ ಮಳೆಯ ಊಹೆಗೆ ನಾನು ಅಂಕ ಕೊಟ್ಟ ಬಗೆ

ಮುಂಬಯಿಯ ಭಾಂಡೂಪಿನಲ್ಲಿ ನಮ್ಮ ಕಟ್ಟಡದ ಕೆಲಸ ನಡೆಯುತ್ತಿದ್ದ ಮಳೆಗಾಲದಲ್ಲಿ, ಸ್ಲ್ಯಾಬಿಗೆ ಕಾಂಕ್ರೀಟ್ ಹಾಕಿಸಬೇಕೋ ಬೇಡವೋ ಎಂಬುದನ್ನು ಪ್ರತಿದಿನ ನಾನೇ ನಿರ್ಧರಿಸಬೇಕಿತ್ತು. ಹವಾಮಾನ ಇಲಾಖೆಯ ಪ್ರಕಟಣೆಯನ್ನೂ ರಾಡಾರ್ ಚಿತ್ರವನ್ನೂ ನೋಡಿ, ಮುಂದಿನ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಭಾರಿ ಮಳೆ ಬರುತ್ತದೆಯೇ ಎಂಬುದಕ್ಕೆ ‘ಹೌದು’ ಅಥವಾ ‘ಇಲ್ಲ’ ಎಂದು ಪುಸ್ತಕದಲ್ಲಿ ಬರೆಯುತ್ತಿದ್ದೆ. ಇಲಾಖೆಯ ಲೆಕ್ಕದಲ್ಲಿ ಒಂದು ದಿನಕ್ಕೆ 64.5 ಮಿ.ಮೀ. ಮುಟ್ಟಿದರೆ ಅದು ಭಾರಿ ಮಳೆ. ನಾನೂ ಅದೇ ಗೆರೆಯನ್ನು ಇಟ್ಟುಕೊಂಡೆ. ಅಳತೆಗೆ ಮಾತ್ರ ನಮ್ಮ ಜಾಗದಲ್ಲಿಯೇ ಮಳೆಮಾಪಕ ನೆಟ್ಟೆ, ಏಕೆಂದರೆ ಈ ಊರಿನಲ್ಲಿ ಒಂದು ಕಡೆಯ ಮಳೆ ಇನ್ನೊಂದು ಕಡೆಗೆ ಸಾಕ್ಷಿಯಾಗುವುದಿಲ್ಲ: 2005ರ ಜುಲೈ 26ರ ಮಳೆಯಲ್ಲಿ ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ದಾಖಲಾದರೆ ಕೊಲಾಬಾದಲ್ಲಿ ನೂರು ಮಿ.ಮೀ. ಕೂಡ ಆಗಿರಲಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ 122 ದಿನಗಳಲ್ಲಿ 16 ದಿನ ಭಾರಿ ಮಳೆಯಾಗಿತ್ತು. ನಾನು 22 ಬಾರಿ ‘ಹೌದು’ ಎಂದಿದ್ದೆ. ಅದರಲ್ಲಿ 10 ನಿಜವಾದವು, 12 ಸುಳ್ಳು ಎಚ್ಚರಿಕೆಗಳಾದವು. ಆರು ಭಾರಿ ಮಳೆಗಳು ನನ್ನ ಕೈತಪ್ಪಿದ್ದವು, ಉಳಿದ 94 ದಿನ ‘ಇಲ್ಲ’ ಎಂದದ್ದು ಸರಿಯಾಗಿತ್ತು. ಒಟ್ಟು 104 ದಿನ ಸರಿ, ಅಂದರೆ ಶೇ. 85. ಮೊದಲಿಗೆ ಈ ಸಂಖ್ಯೆ ಸಮಾಧಾನ ಕೊಟ್ಟಿತು. ಆದರೆ ಮಳೆಗಾಲ ಪೂರ್ತಿ ಕಣ್ಣುಮುಚ್ಚಿ ‘ಇಲ್ಲ’ ಎಂದಿದ್ದರೂ 106 ದಿನ ಸರಿಯಾಗುತ್ತಿತ್ತು ಎಂಬುದು ಹೊಳೆದ ಕೂಡಲೇ ಆ ಅಂಕವನ್ನು ಬದಿಗಿಟ್ಟೆ. ಅಪರೂಪದ ಘಟನೆಗೆ ಒಟ್ಟು ಸರಿಯಾದ ದಿನಗಳ ಲೆಕ್ಕ ಏನನ್ನೂ ತಿಳಿಸುವುದಿಲ್ಲ. ಬಂದ 16ರಲ್ಲಿ ಎಷ್ಟನ್ನು ಹಿಡಿದೆ ಎಂಬ ಹಿಟ್ ರೇಟ್ ಸುಮಾರು ಶೇ. 63, ಕೊಟ್ಟ ಎಚ್ಚರಿಕೆಗಳಲ್ಲಿ ಸುಳ್ಳಾದ ಪಾಲು ಸುಮಾರು ಶೇ. 55: ಈ ಎರಡನ್ನೂ ಜೊತೆಯಲ್ಲಿಟ್ಟೇ ಓದಬೇಕು, ಏಕೆಂದರೆ ದಿನವೂ ‘ಹೌದು’ ಎನ್ನುವವನ ಹಿಟ್ ರೇಟ್ ನೂರಕ್ಕೆ ನೂರು.

ಕುಂದಾಪುರ ಕಡೆಯ ನಮ್ಮ ಸೂಪರ್‌ವೈಸರ್ ಈ ಪಟ್ಟಿಯನ್ನು ನೋಡಿ, “ಸರ್, ನಿನ್ನೆ ಬಂದದ್ದು ಇವತ್ತೂ ಬರ್ತದೆ ಅಂತ ಬರೆದಿದ್ರೂ ಇಷ್ಟೇ ಸರಿ ಆಗ್ತಿತ್ತಲ್ಲ?” ಎಂದು ಕೇಳಿದರು. ಅವರು ಕೇಳಿದ್ದೇ ಸರಿಯಾದ ಪರೀಕ್ಷೆ. ‘ನಿನ್ನೆಯಂತೆ ಇಂದು’ ಎಂಬ ಊಹೆಗೂ ಅದೇ 122 ದಿನಗಳಲ್ಲಿ ಅಂಕ ಹಾಕಿದೆ. ಅದು 16 ಬಾರಿ ‘ಹೌದು’ ಎನ್ನುತ್ತಿತ್ತು, 7 ನಿಜವಾಗುತ್ತಿದ್ದವು, 9 ಸುಳ್ಳಾಗುತ್ತಿದ್ದವು, 9 ಮಳೆ ತಪ್ಪಿಹೋಗುತ್ತಿದ್ದವು. ಸರಿಯಾದ ದಿನಗಳು ಅಲ್ಲಿಯೂ 104! ಸುಲಭವಾದ ‘ಇಲ್ಲ’ಗಳನ್ನು ಬಿಟ್ಟು, ನಿಜವಾದ ಎಚ್ಚರಿಕೆಗಳನ್ನು ನಿಜ, ಸುಳ್ಳು, ತಪ್ಪಿಹೋದದ್ದು ಈ ಮೂರರ ಮೊತ್ತದಿಂದ ಭಾಗಿಸಿದಾಗ ಮಾತ್ರ ವ್ಯತ್ಯಾಸ ಕಾಣಿಸಿತು: ನನ್ನದು 28ರಲ್ಲಿ 10, ಅಂದರೆ ಶೇ. 36, ಅದರದು 25ರಲ್ಲಿ 7, ಅಂದರೆ ಶೇ. 28. ಆ ಊಹೆಯ 28ಕ್ಕೂ ಪರಿಪೂರ್ಣವಾದ ನೂರಕ್ಕೂ ನಡುವೆ ಉಳಿದಿದ್ದ 72 ಅಂಕಗಳಲ್ಲಿ ನಾನು ಗಳಿಸಿದ್ದು ಎಂಟು, ಸುಮಾರು ಒಂಬತ್ತನೇ ಒಂದು ಪಾಲು.

ಆದರೆ ಆ ಊಹೆಗೆ ತಪ್ಪಿಹೋದ ಒಂಬತ್ತು ಮಳೆಗಳು ಎಲ್ಲಿ ಬಿದ್ದಿವೆ ಎಂಬುದು ಅಂಕಕ್ಕಿಂತ ಹೆಚ್ಚು ಕಲಿಸಿತು. ಭಾರಿ ಮಳೆಯ ದಿನಗಳು ಒಂಬತ್ತು ಗುಂಪುಗಳಾಗಿ ಬಂದಿದ್ದವು. ‘ನಿನ್ನೆಯಂತೆ ಇಂದು’ ಎನ್ನುವ ಊಹೆ ಪ್ರತಿ ಗುಂಪಿನ ಮೊದಲ ದಿನವನ್ನು ತಪ್ಪಿಸಿಕೊಳ್ಳಲೇಬೇಕು, ಮಳೆ ನಿಂತ ಮರುದಿನ ಸುಳ್ಳು ಎಚ್ಚರಿಕೆ ಕೊಡಲೇಬೇಕು. ನಮಗೆ ಹಸಿ ಸ್ಲ್ಯಾಬ್ ಹಾಳಾಗುವುದು ಆ ಮೊದಲ ದಿನವೇ, ಏಕೆಂದರೆ ಭಾರಿ ಮಳೆ ಸುರಿದ ಮರುದಿನ ರೆಡಿ ಮಿಕ್ಸ್ ಗಾಡಿಯನ್ನು ಯಾರೂ ಕರೆಸುವುದಿಲ್ಲ. ನನ್ನ ಹತ್ತು ಹಿಟ್‌ಗಳಲ್ಲಿ ಆರು ಮುಂದುವರಿದ ಮಳೆಯವು, ಅವುಗಳಿಂದ ಕೆಲಸಕ್ಕೆ ಹೆಚ್ಚೇನೂ ಲಾಭವಿರಲಿಲ್ಲ. ಒಂಬತ್ತು ಆರಂಭಗಳಲ್ಲಿ ನಾಲ್ಕನ್ನು ಹಿಡಿದಿದ್ದೆ, ಅದಕ್ಕಾಗಿ ಹಿಂದಿನ ದಿನ ಭಾರಿ ಮಳೆ ಇಲ್ಲದಿದ್ದಾಗ ಕೊಟ್ಟ ಏಳು ಸುಳ್ಳು ಎಚ್ಚರಿಕೆಗಳಲ್ಲಿ ಕೆಲಸಗಾರರ ದಿನ ಕಳೆದಿದ್ದೆ. ನನ್ನ ಮುನ್ಸೂಚನೆಯ ನಿಜವಾದ ಬೆಲೆ ಈ ನಾಲ್ಕು ಮತ್ತು ಏಳರಲ್ಲಿದೆ. ಒಂಬತ್ತೇ ಆರಂಭಗಳಿರುವಾಗ ಒಂದು ಹೆಚ್ಚು ಹಿಡಿದಿದ್ದರೆ ಹಿಟ್ ರೇಟ್ ಶೇ. 44ರಿಂದ 56ಕ್ಕೆ ಹಾರುತ್ತಿತ್ತು. ಆದ್ದರಿಂದ ಒಂದು ಮಳೆಗಾಲದ ಲೆಕ್ಕದಿಂದ ಇದನ್ನು ಗಟ್ಟಿಯಾಗಿ ಹೇಳಲಾಗದು.

ಮೊದಲ ಸಲ ಲೆಕ್ಕ ಹಾಕುವಾಗ ದಿನಾಂಕದಲ್ಲಿ ದೊಡ್ಡ ತಪ್ಪು ಮಾಡಿದ್ದೆ. ಬೆಳಗ್ಗೆ 8:30ಕ್ಕೆ ಓದಿದ ಅಳತೆಯನ್ನು ಆ ದಿನದ ಹೆಸರಿನಲ್ಲಿ ಬರೆಯುವುದು ರೂಢಿ, ಆದರೆ ಆ ನೀರಿನ ಹೆಚ್ಚಿನ ಭಾಗ ಬಿದ್ದದ್ದು ಹಿಂದಿನ ದಿನ. ಹೀಗಾಗಿ 9ನೇ ತಾರೀಖು ಬೆಳಗ್ಗೆ ಬರೆದ ‘ಹೌದು’ ಅನ್ನು 10ರ ಅಳತೆಗೆ ಹೋಲಿಸುವ ಬದಲು 9ರದಕ್ಕೇ ಹೋಲಿಸಿದ್ದೆ. ತಪ್ಪಿಹೋದ ಮಳೆ ಮತ್ತು ಸುಳ್ಳು ಎಚ್ಚರಿಕೆ ಅಕ್ಕಪಕ್ಕದ ಸಾಲುಗಳಲ್ಲಿ ಮತ್ತೆ ಮತ್ತೆ ಜೋಡಿಯಾಗಿ ನಿಂತದ್ದನ್ನು ಕಂಡು ಅನುಮಾನ ಬಂತು; ಒಂದು ಸಾಲು ಸರಿಸಿದೊಡನೆ ಅನೇಕ ಜೋಡಿಗಳು ಹಿಟ್‌ಗಳಾಗಿ ಕೂಡಿಕೊಂಡವು. ಈಗ ಅಳತೆ ಓದಿದ ಕೂಡಲೇ, ರಾಡಾರ್ ಚಿತ್ರವನ್ನು ಆಮೇಲೆ ಮತ್ತೊಮ್ಮೆ ನೋಡಿ ತಿದ್ದಲು ಅವಕಾಶವಿಲ್ಲದಂತೆ, ‘ಹೌದು’ ಅಥವಾ ‘ಇಲ್ಲ’ ಎಂದು ಶಾಯಿಯಲ್ಲಿ ಬರೆಯುತ್ತೇನೆ. ನಿನ್ನೆ ಭಾರಿ ಮಳೆ ಇಲ್ಲದಿದ್ದ ದಿನಗಳಿಗೆ ಬೇರೆಯೇ ಪುಟವಿದೆ.