ಒಂದೇ ಬಾಣಲೆ, ನಾಲ್ಕು ತಿಂಡಿ: ಯಾವುದನ್ನು ಎಷ್ಟು ಕರಿಯುವುದು

ಉಡುಪಿಯ ನಮ್ಮ ಘಟಕದಲ್ಲಿ ದೊಡ್ಡ ಬಾಣಲೆ ಒಂದೇ. ಹಲಸಿನಕಾಯಿ ಚಿಪ್ಸ್, ನೇಂದ್ರ ಚಿಪ್ಸ್, ಚಕ್ಕುಲಿ, ಖಾರಕಡ್ಡಿ ನಾಲ್ಕೂ ಅದರಲ್ಲೇ ಆಗಬೇಕು. ಎಂಟು ಗಂಟೆಯ ದಿನದಲ್ಲಿ ಎಣ್ಣೆ ಕಾಯಿಸಲು, ತಿಂಡಿ ಬದಲಾಗುವಾಗ ಎಣ್ಣೆ ಸೋಸಲು ಒಂದು ಗಂಟೆ ಕಳೆದರೆ ಕೈಗೆ ಸಿಗುವುದು 420 ನಿಮಿಷ. ಅಂಗಡಿಗಳು ಕೇಳುವಷ್ಟನ್ನೆಲ್ಲ ಕರಿಯಲು ಅದು ಸಾಲದು.

ಮೊದಲು ಕಿಲೋಗೆ ಕಾಂಟ್ರಿಬ್ಯೂಷನ್ ತೆಗೆದೆವು: ಮಾರುವ ದರದಿಂದ ಆ ಕಿಲೋ ಮಾಡಿದ್ದಕ್ಕೇ ಆದ ಖರ್ಚನ್ನು ಮಾತ್ರ ಕಳೆದು ಉಳಿಯುವ ಹಣ. ಕಾಯಿ, ಹಿಟ್ಟು, ಎಣ್ಣೆ, ಸೌದೆ, ಪ್ಯಾಕೆಟ್, ಕಿಲೋ ಲೆಕ್ಕದಲ್ಲಿ ಕೊಡುವ ಸುಲಿಯುವ ಕೂಲಿ ಇದರೊಳಗೆ ಬರುತ್ತವೆ. ಬಾಡಿಗೆ ಮತ್ತು ಬಾಣಲೆಯವರ ತಿಂಗಳ ಸಂಬಳ ಬರುವುದಿಲ್ಲ, ಏನು ಕರಿದರೂ ಅವು ಅಷ್ಟೇ. ಎಣ್ಣೆಯನ್ನು ಅಂದಾಜಿನಲ್ಲಿ ಬರೆಯಬಾರದು. ಒಂದು ದಿನ ಒಂದೇ ತಿಂಡಿ ಕರಿದು, ಬೆಳಿಗ್ಗೆ ಮತ್ತು ಸಂಜೆ ಎಣ್ಣೆಯನ್ನು ತೂಗಿ ನೋಡಬೇಕು. ಖಾರಕಡ್ಡಿಯ ಕಡಲೆಹಿಟ್ಟಿನ ಪುಡಿ ತಳದಲ್ಲಿ ಕರಕಾಗಿ ಎಣ್ಣೆ ಬೇಗ ಕಪ್ಪಾಗುತ್ತದೆ. ಹಾಗೆ ಚೆಲ್ಲಿದ ಎಣ್ಣೆಯೂ ಖಾರಕಡ್ಡಿಯ ಖರ್ಚೇ.

ನಮ್ಮ ಲೆಕ್ಕದಲ್ಲಿ ಕಿಲೋಗೆ ಉಳಿದದ್ದು ಹಲಸಿಗೆ 180 ರೂಪಾಯಿ (ದರ 480, ಖರ್ಚು 300), ನೇಂದ್ರಕ್ಕೆ 120, ಚಕ್ಕುಲಿಗೆ 100, ಖಾರಕಡ್ಡಿಗೆ 90. ಇದನ್ನಷ್ಟೇ ನೋಡಿದರೆ ಹಲಸನ್ನೇ ಮೊದಲು ಕರಿಯಬೇಕು ಅನ್ನಿಸುತ್ತದೆ. ಆದರೆ ನಮ್ಮಲ್ಲಿ ಕೊರತೆ ಇರುವುದು ಬಾಣಲೆಯ ನಿಮಿಷಗಳಿಗೆ.

ಆದ್ದರಿಂದ ಗಡಿಯಾರ ಹಿಡಿದು ಅಳೆದೆವು. ಒಂದು ಸಲ ಎಣ್ಣೆಗೆ ಬಿಟ್ಟಲ್ಲಿಂದ, ತೆಗೆದು, ಎಣ್ಣೆ ಮತ್ತೆ ಕಾದು, ಮುಂದಿನದನ್ನು ಬಿಡುವವರೆಗೆ ಪೂರ್ತಿ ಹೊತ್ತು. ಬೇಯುವ ಹೊತ್ತನ್ನಷ್ಟೇ ಬರೆದುಕೊಂಡರೆ ಹಲಸು ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಸೊಳೆಯ ನೀರಿನಂಶದಿಂದ ಎಣ್ಣೆ ತಣಿಯುತ್ತದೆ, ಹೆಚ್ಚು ಹಾಕಿದರೆ ನೊರೆ ಉಕ್ಕುತ್ತದೆ. ಹಾಗಾಗಿ ಹಲಸು 15 ನಿಮಿಷಕ್ಕೆ 2 ಕಿಲೋ, ನೇಂದ್ರ 12 ನಿಮಿಷಕ್ಕೆ 3 ಕಿಲೋ, ಚಕ್ಕುಲಿ 10 ನಿಮಿಷಕ್ಕೆ 2 ಕಿಲೋ, ಖಾರಕಡ್ಡಿ 10 ನಿಮಿಷಕ್ಕೆ 4 ಕಿಲೋ ಬಂತು.

ಕಿಲೋದ ಉಳಿಕೆಯನ್ನು ಕಿಲೋಗೆ ಬೇಕಾದ ನಿಮಿಷದಿಂದ ಭಾಗಿಸಿದಾಗ ಸಾಲು ಬದಲಾಯಿತು. ಬಾಣಲೆಯ ಒಂದು ನಿಮಿಷಕ್ಕೆ ಖಾರಕಡ್ಡಿ 36 ರೂಪಾಯಿ ತರುತ್ತದೆ, ನೇಂದ್ರ 30, ಹಲಸು 24, ಚಕ್ಕುಲಿ 20.

ದಿನಕ್ಕೆ ಹೋಗುವುದು ಖಾರಕಡ್ಡಿ 40 ಕಿಲೋ, ನೇಂದ್ರ 50, ಹಲಸು 20, ಚಕ್ಕುಲಿ 15. ಮೇಲಿನಿಂದ ತುಂಬಿಸುತ್ತ ಬಂದರೆ ಖಾರಕಡ್ಡಿಗೆ 100 ನಿಮಿಷ, ನೇಂದ್ರಕ್ಕೆ 200. ಉಳಿದ 120 ನಿಮಿಷದಲ್ಲಿ ಹಲಸು 16 ಕಿಲೋ. ಒಟ್ಟು ಉಳಿಕೆ 12,480 ರೂಪಾಯಿ. ಕಿಲೋ ಲೆಕ್ಕ ನಂಬಿ ಹಲಸು, ನೇಂದ್ರ, ಚಕ್ಕುಲಿ ಎಂದು ತುಂಬಿಸಿದ್ದರೆ ಅದೇ 420 ನಿಮಿಷಕ್ಕೆ 11,000. ಅಂದರೆ ದಿನಕ್ಕೆ 1,480 ರೂಪಾಯಿ ಕಡಿಮೆ. ಒಂದು ಎಚ್ಚರ: ಇದು ಎಷ್ಟು ಕರಿಯಬೇಕು ಎಂಬ ಲೆಕ್ಕ, ಯಾವುದನ್ನು ಮೊದಲು ಎಂಬುದಲ್ಲ. ಖಾರಕಡ್ಡಿಯನ್ನು ಕೊನೆಗೇ ಕರಿಯುತ್ತೇವೆ, ಇಲ್ಲವಾದರೆ ನೇಂದ್ರಕ್ಕೆ ಮೆಣಸಿನ ಘಾಟು ಹಿಡಿಯುತ್ತದೆ.

ಈ ಲೆಕ್ಕ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ದರ ಹೇಳುವಾಗ. ಹಲಸಿನ ಕಾಲದಲ್ಲಿ ಯಾರಾದರೂ 10 ಕಿಲೋ ಚಕ್ಕುಲಿ ಕೇಳಿದರೆ ಕಿಲೋಗೆ 5 ನಿಮಿಷ ಹಲಸಿನಿಂದ ಕಿತ್ತುಕೊಳ್ಳಬೇಕು. ಆ 5 ನಿಮಿಷಕ್ಕೆ ಹಲಸು 120 ರೂಪಾಯಿ ತರುತ್ತಿತ್ತು. ಚಕ್ಕುಲಿಯ ಖರ್ಚು 160 ಸೇರಿಸಿದರೆ 280. ಮಾಮೂಲಿ 260ಕ್ಕೆ ಕೊಟ್ಟರೆ, ಲಾಭ ಕಂಡರೂ ಕಿಲೋಗೆ 20 ರೂಪಾಯಿ ಕಳೆದುಕೊಳ್ಳುತ್ತೇವೆ.

ಮಳೆ ಹಿಡಿದು ಹಲಸು ಮುಗಿದ ಮೇಲೆ ಆ 120 ನಿಮಿಷ ಖಾಲಿ. ಮಾಮೂಲಿ 15 ಕಿಲೋ ಚಕ್ಕುಲಿಗೆ 75 ನಿಮಿಷ ಹೋದರೂ 45 ನಿಮಿಷ ಉಳಿಯುತ್ತದೆ. ಅಷ್ಟರೊಳಗೆ ಮುಗಿಯುವ ಹೆಚ್ಚಿನ 9 ಕಿಲೋಗೆ 160ರ ಮೇಲೆ ಎಷ್ಟು ಸಿಕ್ಕರೂ ಅದು ಉಳಿಕೆಯೇ. ಅಷ್ಟಮಿ ಹತ್ತಿರ ಬಂದು ಊರೆಲ್ಲ ಚಕ್ಕುಲಿ ಕೇಳುವಾಗ ನಿಮಿಷಗಳು ಮತ್ತೆ ಸಾಲದಾಗುತ್ತವೆ. ಆಗ ಹೆಚ್ಚಿನ ಚಕ್ಕುಲಿ ನೇಂದ್ರದ ಜಾಗಕ್ಕೆ ಕೈ ಹಾಕುತ್ತದೆ, ಕನಿಷ್ಠ ದರ 160ಕ್ಕೆ 150 ಸೇರಿ 310 ಆಗುತ್ತದೆ. ತಿಂಡಿ ಅದೇ, ಖರ್ಚೂ ಅದೇ, ಆದರೂ ಮೂರು ಕಾಲಕ್ಕೆ ಮೂರು ದರ.

ಇದೆಲ್ಲ ಬಾಣಲೆಯೊಂದೇ ಕೊರತೆ ಆಗಿರುವವರೆಗೆ. ಸೊಳೆ ಬಿಡಿಸುವವರು ಇಬ್ಬರು ರಜೆ ಹಾಕಿದ ದಿನ ಅವರ ಹೊತ್ತೂ ಸಾಲದೆ ಹೋಗುತ್ತದೆ. ಎರಡು ಕೊರತೆ ಒಟ್ಟಿಗೆ ಬಂದರೆ ಹೀಗೆ ಒಂದೇ ಸಾಲು ಮಾಡಿ ತುಂಬಿಸುವುದು ನಡೆಯುವುದಿಲ್ಲ, ಎರಡೂ ಕೊರತೆಯನ್ನು ಒಟ್ಟಿಗೆ ಲೆಕ್ಕ ಹಾಕುವ ಎಕ್ಸೆಲ್‌ನ ಸಾಲ್ವರ್‌ನಂಥದ್ದು ಬೇಕು. ಕೊರತೆ ಎಲ್ಲಿದೆ ಎಂದು ತಿಳಿಯಲು ಬಾಣಲೆಯ ಪಕ್ಕ ನಿಂತರೆ ಸಾಕು. ಹೆಚ್ಚಿದ ಕಾಯಿ ಬುಟ್ಟಿಗಳಲ್ಲಿ ಕಾಯುತ್ತಿದ್ದರೆ ಬಾಣಲೆಯೇ ಕೊರತೆ. ಎಣ್ಣೆ ಕಾದು, ಜಾಲರಿ ಹಿಡಿದವರು ಸುಮ್ಮನೆ ನಿಂತಿದ್ದರೆ ಅಳೆಯಬೇಕಾದದ್ದು ಸುಲಿಯುವವರ ನಿಮಿಷಗಳನ್ನು.